ಉದ್ಧರಣೆಯ ಮುಂದಿನ ವಾಕ್ಯ

ವಿದ್ಯಾರ್ಥಿಯ ಪ್ರಬಂಧದೊಳಗೆ ಇನ್ನೊಬ್ಬರ ಮಾತು ಎರಡು ಬಗೆಯಲ್ಲಿ ಬರುತ್ತದೆ. ಆ ಮಾತಿನ ಆಶಯವನ್ನು ಗ್ರಹಿಸಿ, ಯಾರದೆಂದು ತಿಳಿಸಿ, ತನ್ನ ಪದಗಳಲ್ಲಿ ಹೇಳುವುದು ಒಂದು ಬಗೆ. ಮೂಲದ ಪದಗಳನ್ನೇ ಅಕ್ಷರವೂ ಬದಲಾಗದಂತೆ ಎತ್ತಿಕೊಂಡು, ಅವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತವೆ ಎಂಬುದನ್ನು ಚಿಹ್ನೆಗಳಿಂದ ತೋರಿಸುವುದು ಇನ್ನೊಂದು. ಮೊದಲನೆಯದನ್ನು ಉಲ್ಲೇಖವೆಂದೂ ಎರಡನೆಯದನ್ನು ಉದ್ಧರಣೆಯೆಂದೂ ಕರೆದರೆ ಮುಂದಿನ ವಿವೇಚನೆಗೆ ಅನುಕೂಲವಾಗುತ್ತದೆ. ಉಲ್ಲೇಖದಲ್ಲಿ ವಿದ್ಯಾರ್ಥಿಯು ಅರ್ಥಕ್ಕೆ ಮಾತ್ರ ಹೊಣೆಗಾರನಾದರೆ, ಉದ್ಧರಣೆಯಲ್ಲಿ ಪದಕ್ಕೂ ಹೊಣೆಗಾರನಾಗುತ್ತಾನೆ. ಇದೇ ಪದಗಳು ಇಲ್ಲಿಗೆ ಏಕೆ ಬೇಕಾದವು ಎಂಬ ಪ್ರಶ್ನೆಗೂ ಅವನೇ ಉತ್ತರ ಹೇಳಬೇಕಾಗುತ್ತದೆ. ಪ್ರಬಂಧವನ್ನು ತೂಗಿ ನೋಡುವವರು ಉದ್ಧರಣೆಯ ಬಳಿಗೆ ಬಂದಾಗ ಪರಿಶೀಲಿಸಬೇಕಾದದ್ದು ಬಹುಮಟ್ಟಿಗೆ ಈ ಎರಡನೆಯ ಹೊಣೆಯನ್ನೇ.

ಹಳೆ ಮೈಸೂರು ಭಾಗದ ಕಾಲೇಜೊಂದರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ಕನ್ನಡ ಕಲಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು ತಮ್ಮ ವೃತ್ತಿಜೀವನದಲ್ಲಿ ಈ ಪರಿಶೀಲನೆಯ ಕ್ರಮವೊಂದನ್ನು ರೂಢಿಸಿಕೊಂಡಿದ್ದರು. ಅವರಿಗೆ ಅದು ಯಾವ ಕೈಪಿಡಿಯಿಂದಲೂ ಬಂದದ್ದಲ್ಲ. ಉತ್ತರಪತ್ರಿಕೆ, ಮನೆಯಲ್ಲಿ ಬರೆದು ತಂದ ಪ್ರಬಂಧ, ಅಂತರಕಾಲೇಜು ಸ್ಪರ್ಧೆಗಳ ಬರಹ ಇವುಗಳನ್ನು ಓದುತ್ತ ಹೋದಂತೆ, ಒಂದೇ ಬಗೆಯ ದೋಷಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದು, ಅವುಗಳ ಕಾರಣಗಳನ್ನು ಹುಡುಕಿದ್ದರಿಂದ ಬಂದದ್ದು. ಆ ಅನುಭವವನ್ನು ಈಗ ಹಿಂದಿರುಗಿ ನೋಡಿದಾಗ, ಅವರ ಕ್ರಮದಲ್ಲಿ ಕನ್ನಡದ ಶಾಲಾಭ್ಯಾಸಕ್ಕೂ ಕನ್ನಡದ ವಾಕ್ಯರಚನೆಗೂ ವಿಶಿಷ್ಟವಾದ ಕೆಲವು ಸಂಗತಿಗಳು ಕಾಣುತ್ತವೆ.

ಉದ್ಧರಣೆಯ ಅತಿಬಳಕೆ ಕಾಲೇಜಿನಲ್ಲಿ ಹುಟ್ಟುವುದಿಲ್ಲ, ಶಾಲೆಯಿಂದಲೇ ಬಂದಿರುತ್ತದೆ ಎಂಬುದು ಅವರ ಮೊದಲ ತಿಳಿವಳಿಕೆಯಾಗಿತ್ತು. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳೆಂದು ಪ್ರೌಢಶಾಲೆಯಲ್ಲಿ ಕಲಿಸಲಾಗುತ್ತದೆ. ಪೀಠಿಕೆಯಲ್ಲಿ ಒಂದು ಕವಿವಾಣಿ, ಉಪಸಂಹಾರದಲ್ಲಿ ಇನ್ನೊಂದು ಇದ್ದರೆ ಬರಹಕ್ಕೆ ಕಳೆ ಬರುತ್ತದೆ ಎಂಬ ಸಲಹೆಯೂ ಅದರ ಜೊತೆಗೇ ಸಿಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ವಚನ, ಸರ್ವಜ್ಞನ ತ್ರಿಪದಿ, ಸೋಮೇಶ್ವರ ಶತಕ, ಮಂಕುತಿಮ್ಮನ ಕಗ್ಗ ಇವುಗಳಿಂದ ಹತ್ತಾರು ಸಾಲುಗಳನ್ನು ಬಾಯಿಪಾಠ ಮಾಡಿಟ್ಟುಕೊಂಡು, ಪರಿಸರ, ಶಿಕ್ಷಣ, ರಾಷ್ಟ್ರೀಯ ಭಾವೈಕ್ಯ ಯಾವ ವಿಷಯ ಬಂದರೂ ಅವುಗಳಲ್ಲಿ ಹೊಂದುವಂಥದನ್ನು ತೆಗೆದಿಡುವುದನ್ನು ಕಲಿಯುತ್ತಾರೆ. ಎಲ್ಲ ವಿಷಯಕ್ಕೂ ಹೊಂದುವ ಸಾಲು ಯಾವ ವಿಷಯದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ ಎಂಬುದು ಅವರ ಗಮನಕ್ಕೆ ಬರುವುದು ತಡವಾಗಿ. ಕೆಲವರಿಗೆ ಬರುವುದೇ ಇಲ್ಲ. ಆ ಸಾಲಿನ ಹಿಂದೆ ಮುಂದೆ ಬರುವ ವಾಕ್ಯಗಳೂ ಅಷ್ಟೇ ಸಿದ್ಧರೂಪದವು: ‘ಎಂಬ ಕವಿವಾಣಿಯಂತೆ’, ‘ಎಂಬ ಮಾತು ಇಲ್ಲಿ ಸ್ಮರಣೀಯ’, ‘ಎಂದು ಹಿರಿಯರು ಹೇಳಿರುವುದು ನೂರಕ್ಕೆ ನೂರು ಸತ್ಯ’. ಇಂಥ ವಾಕ್ಯವನ್ನು ಯಾವ ಉದ್ಧರಣೆಯ ಪಕ್ಕದಲ್ಲಿಟ್ಟರೂ ಹೊಂದಿಕೊಳ್ಳುತ್ತದೆಯಾದ್ದರಿಂದ, ಅದನ್ನು ಬರೆದವನು ಮುಂದಿರುವ ಉದ್ಧರಣೆಯನ್ನು ಓದಿ ಬರೆದಿದ್ದಾನೆಂದು ಮೌಲ್ಯಮಾಪಕರು ನಂಬಲು ಕಾರಣವಿರುವುದಿಲ್ಲ.

ಅದೇ ಶಾಲಾಭ್ಯಾಸದಲ್ಲಿ ಇದಕ್ಕೆ ಪರಿಹಾರವೂ ಇದೆ ಎಂದು ಅಧ್ಯಾಪಕರು ಕಂಡುಕೊಂಡದ್ದು ಅವರ ಕ್ರಮದ ತಿರುಳು. ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಪಠ್ಯದ ಒಂದು ಸಾಲನ್ನು ಕೊಟ್ಟು ಸಂದರ್ಭದೊಡನೆ ಅದರ ಸ್ವಾರಸ್ಯವನ್ನು ವಿವರಿಸುವಂತೆ ಕೇಳುವ ಪದ್ಧತಿಯಿದೆ. ಅದಕ್ಕೆ ಉತ್ತರ ಬರೆಯುವವರು ‘ಆಯ್ಕೆ’ ಎಂಬ ತಲೆಬರಹದಡಿಯಲ್ಲಿ ಆ ಸಾಲು ಯಾರ, ಯಾವ ಕೃತಿಯದೆಂದೂ, ‘ಸಂದರ್ಭ’ ಎಂಬಲ್ಲಿ ಯಾರು ಯಾರಿಗೆ ಯಾವಾಗ ಹೇಳಿದ ಮಾತೆಂದೂ, ‘ಸ್ವಾರಸ್ಯ’ ಎಂಬಲ್ಲಿ ಆ ಮಾತಿನ ವಿಶೇಷವೇನೆಂದೂ ಬರೆಯುತ್ತಾರೆ. ಕನ್ನಡ ಓದಿ ಹತ್ತನೆಯ ತರಗತಿ ಮುಗಿಸಿದವರಿಗೆ ಈ ಮೂರು ಹಂತಗಳು ಕೈಗೆ ಹತ್ತಿರುತ್ತವೆ. ಆದರೆ ಪ್ರಶ್ನೆಪತ್ರಿಕೆ ಕೇಳಿದಾಗ ಈ ಮೂರನ್ನೂ ತಪ್ಪದೆ ಬರೆಯುವ ವಿದ್ಯಾರ್ಥಿಯೇ, ತನ್ನ ಪ್ರಬಂಧದಲ್ಲಿ ತಾನೇ ಆರಿಸಿ ತಂದ ಸಾಲಿಗೆ ಒಂದನ್ನೂ ಬರೆಯುವುದಿಲ್ಲ. ಉದ್ಧರಣೆಯೆಂದರೆ ವಿದ್ಯಾರ್ಥಿ ತನಗೆ ತಾನೇ ಹಾಕಿಕೊಂಡ ಸಂದರ್ಭದ ಪ್ರಶ್ನೆ ಎಂದು ತರಗತಿಯಲ್ಲಿ ವಿವರಿಸಲು ಆರಂಭಿಸಿದ ಮೇಲೆ, ಹೊಸ ಪರಿಭಾಷೆಯನ್ನು ಕಲಿಸುವ ಅಗತ್ಯವೇ ಅವರಿಗೆ ಕಾಣಲಿಲ್ಲ. ತಲೆಬರಹಗಳು ಮಾತ್ರ ಪ್ರಬಂಧದಲ್ಲಿ ಇರಬಾರದು. ಆಯ್ಕೆ ಮತ್ತು ಸಂದರ್ಭಗಳು ಉದ್ಧರಣೆಗೆ ಮುನ್ನ ಬರುವ ವಾಕ್ಯದಲ್ಲಿ ಕರಗಿರಬೇಕು, ಸ್ವಾರಸ್ಯವು ಅದರ ಮುಂದಿನ ವಾಕ್ಯದಲ್ಲಿ ಬರಬೇಕು. ಈ ಮೂರರಲ್ಲಿ ಮೊದಲ ಎರಡು ಇಲ್ಲದಿದ್ದರೆ ಅದನ್ನು ತಿದ್ದಿಸಬಹುದಾದ ಕೊರತೆಯೆಂದೂ, ಮೂರನೆಯದು ಇಲ್ಲದಿದ್ದರೆ ಉದ್ಧರಣೆಯೇ ಅಲ್ಲಿ ಅನಗತ್ಯವೆಂದೂ ಅವರು ಎಣಿಸುತ್ತಿದ್ದರು.

ಅತಿಯಾದ ಉದ್ಧರಣೆಯನ್ನು ಗುರುತಿಸುವುದಕ್ಕೆ ಸಂಖ್ಯೆಯ ಮಿತಿಯೊಂದನ್ನು ನಿಗದಿಮಾಡಬೇಕೆಂದು ಸಹೋದ್ಯೋಗಿಗಳು ಕೆಲವೊಮ್ಮೆ ಸೂಚಿಸಿದ್ದುಂಟು. ಪುಟಕ್ಕೆ ಇಷ್ಟು ಸಾಲು ಎಂಬ ನಿಯಮವು ಎಣಿಸುವುದಕ್ಕೆ ಸುಲಭವಾದರೂ, ವಿಷಯಕ್ಕೆ ತಕ್ಕಂತೆ ಅಗತ್ಯ ಬದಲಾಗುವುದರಿಂದ ಅವರು ಅದನ್ನು ಒಪ್ಪಿರಲಿಲ್ಲ. ಒಂದು ವಚನದ ಭಾಷೆಯನ್ನು ಕುರಿತ ಪ್ರಬಂಧದಲ್ಲಿ ಸಣ್ಣ ಸಣ್ಣ ಉದ್ಧರಣೆಗಳು ಹೆಜ್ಜೆಹೆಜ್ಜೆಗೂ ಬರುವುದು ಸಹಜ, ಏಕೆಂದರೆ ಅಲ್ಲಿ ಪದಗಳೇ ಚರ್ಚೆಯ ವಸ್ತು. ಗ್ರಾಮಗಳ ನೀರಾವರಿಯನ್ನು ಕುರಿತ ಪ್ರಬಂಧದಲ್ಲಿ ಅಷ್ಟೇ ಉದ್ಧರಣೆಗಳಿದ್ದರೆ ಅವು ಹೊರೆಯಾಗುತ್ತವೆ, ಏಕೆಂದರೆ ಅಲ್ಲಿ ಬೇಕಾದದ್ದು ಸಂಗತಿಗಳು, ಮತ್ತು ಸಂಗತಿಗಳನ್ನು ಸ್ವಂತ ಮಾತಿನಲ್ಲಿ ಹೇಳಿದರೆ ನಷ್ಟವೇನೂ ಇಲ್ಲ. ಎಣಿಕೆಯ ಬದಲಿಗೆ ಅವರು ಎರಡು ಓದುಗಳನ್ನು ಅನುಸರಿಸುತ್ತಿದ್ದರು. ಮೊದಲ ಓದಿನಲ್ಲಿ, ಉದ್ಧರಣೆಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅವುಗಳನ್ನು ಬಿಟ್ಟು ಉಳಿದ ವಾಕ್ಯಗಳನ್ನಷ್ಟೇ ಓದುವುದು. ಎರಡನೆಯ ಓದಿನಲ್ಲಿ, ಗೆರೆ ಎಳೆದ ಭಾಗವನ್ನಷ್ಟೇ ಓದುವುದು. ಮೊದಲ ಓದಿನಲ್ಲಿ ವಿದ್ಯಾರ್ಥಿಯ ವಾದವು ತಿಳಿಯಬೇಕು, ಆದರೆ ಅದಕ್ಕೆ ಆಧಾರ ಸಾಲದೆನಿಸಬೇಕು. ವಾದವೇ ತಿಳಿಯದಿದ್ದರೆ ಉದ್ಧರಣೆಗಳು ವಿದ್ಯಾರ್ಥಿಯ ಬದಲಿಗೆ ಮಾತನಾಡುತ್ತಿವೆ ಎಂದರ್ಥ. ಆಧಾರದ ಕೊರತೆಯೇ ಕಾಣದಿದ್ದರೆ ಅವು ಅಲಂಕಾರಕ್ಕೆ ಬಂದಿವೆ ಎಂದರ್ಥ. ಎರಡನೆಯ ಓದಿನಲ್ಲಿ ಉದ್ಧರಣೆಗಳಷ್ಟರಿಂದಲೇ ಇಡೀ ಪ್ರಬಂಧದ ತಾತ್ಪರ್ಯ ಹೊರಟುಬಿಟ್ಟರೆ, ಬರೆದವರು ಸಂಕಲನಕಾರರೇ ಹೊರತು ಪ್ರಬಂಧಕಾರರಲ್ಲ.

ಸಂಕಲನವೂ ವಿದ್ವತ್ತಿನ ಕೆಲಸವೇ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಜೋಡಿಸಿದನು, ಅವನ ಮಗ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹಿಂದಿನ ಕವಿಗಳ ಸಾಲುಗಳನ್ನೇ ಬೇರೊಂದು ರೀತಿಯಲ್ಲಿ ಬಳಸಿದನು. ಕೇಶಿರಾಜನ ಕ್ರಮದಲ್ಲಿ ಮೊದಲು ಕಂದಪದ್ಯದಲ್ಲಿ ಸೂತ್ರ, ಅಂದರೆ ವ್ಯಾಕರಣದ ನಿಯಮ. ಅನಂತರ ವೃತ್ತಿ, ಅಂದರೆ ಆ ನಿಯಮದ ಗದ್ಯವಿವರಣೆ. ಆಮೇಲೆ ಪ್ರಯೋಗ, ಅಂದರೆ ಕವಿಗಳ ಬಳಕೆಯಿಂದ ಎತ್ತಿಕೊಟ್ಟ ಉದಾಹರಣೆ. ತಂದೆಯ ಗ್ರಂಥದಲ್ಲಿ ಪದ್ಯಗಳು ತಮಗಾಗಿ ಬಂದಿವೆ, ಮಗನ ಗ್ರಂಥದಲ್ಲಿ ಒಂದು ನಿಯಮವನ್ನು ಸಮರ್ಥಿಸುವುದಕ್ಕಾಗಿ ಬಂದಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ವ್ಯತ್ಯಾಸವನ್ನು ತೋರಿಸಿ, ಪ್ರಬಂಧಕ್ಕೆ ಹತ್ತಿರವಾದದ್ದು ಎರಡನೆಯ ಕ್ರಮವೆಂದು ಹೇಳುತ್ತಿದ್ದರು. ಆದರೆ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ ಎಂಬ ಎಚ್ಚರವೂ ಅವರಲ್ಲಿತ್ತು. ಒಂದು ಪದರೂಪವನ್ನು ಕವಿಗಳು ಬಳಸಿದ್ದಾರೆಂಬುದಕ್ಕೆ ಕವಿಯ ಸಾಲೇ ಸಾಕ್ಷಿಯಾಗುತ್ತದೆ. ಸಮಾಜವು ಹೀಗಿದೆ ಎಂಬುದಕ್ಕೆ ದೊಡ್ಡವರೊಬ್ಬರು ಹಾಗೆ ಹೇಳಿದ್ದಾರೆಂಬುದು ತಾನಾಗಿಯೇ ಸಾಕ್ಷಿಯಾಗುವುದಿಲ್ಲ. ಅಲ್ಲಿ ಹೇಳಿದವರ ಹೆಸರಿಗಿಂತ ಹೇಳಿದ್ದರ ಆಧಾರ ಮುಖ್ಯವಾಗುತ್ತದೆ.

ವಿದ್ಯಾರ್ಥಿಗಳ ಕಡೆಯಿಂದ ಬರುತ್ತಿದ್ದ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಉತ್ತರ ಬೇಡುವಂಥದಾಗಿತ್ತು. “ಸರ್, ಅವರೇ ಇಷ್ಟು ಚೆನ್ನಾಗಿ ಹೇಳಿರುವಾಗ ನಾವು ಅದನ್ನೇ ಕೆಟ್ಟದಾಗಿ ಯಾಕೆ ಹೇಳಬೇಕು?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಅಧ್ಯಾಪಕರು, “ಅವರು ಹೇಳಿದ್ದು ಅವರ ವಿಷಯಕ್ಕಮ್ಮ. ನಿನ್ನ ವಿಷಯಕ್ಕೆ ಅದು ಎಲ್ಲಿ ಒದಗುತ್ತೆ ಅನ್ನೋದನ್ನ ಅವರು ಹೇಳಿಲ್ಲವಲ್ಲ, ಅದನ್ನ ನೀನೇ ಹೇಳಬೇಕು” ಎಂದು ಉತ್ತರಿಸಿದ್ದರು. ಮೂಲದ ಮಾತು ಎಷ್ಟೇ ಸೊಗಸಾಗಿದ್ದರೂ, ಅದು ಬೇರೊಂದು ಚರ್ಚೆಯ ನಡುವೆ ಹುಟ್ಟಿದ್ದು; ಅದನ್ನು ಹೊಸ ಚರ್ಚೆಗೆ ತಂದವರೇ ಎರಡರ ನಡುವಣ ಸಂಬಂಧವನ್ನು ಹೇಳಬೇಕಾದವರು. ಮಾತಿನ ಮೂಲಕ ಹೇಳಿದ ಇದನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕಾಗಿ, ಅವರು ಸ್ವತಃ ಬರೆದ ಮೂರು ವಾಕ್ಯಗಳ ಒಂದು ಗದ್ಯಖಂಡವನ್ನು ಅಭ್ಯಾಸಕ್ಕೆ ಕೊಡುತ್ತಿದ್ದರು. ಅದು ಹೀಗಿತ್ತು:

“ಕೆರೆ ತುಂಬಿದ ವರ್ಷ ಊರಿನಲ್ಲಿ ಜಗಳ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನೀರು ಹೆಚ್ಚಿದ್ದಾಗ ಅದನ್ನು ಹಂಚುವವರು ಯಾರೆಂದು ಯಾರೂ ಕೇಳುವುದಿಲ್ಲ. ನೀರು ಇಳಿದ ವರ್ಷ ಮಾತ್ರ, ತೂಬು ಯಾರ ಮಾತಿಗೆ ತೆರೆಯುತ್ತದೆ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ.”

ಕೆರೆಯ ಏರಿಯ ಅಡಿಯಿಂದ ಗದ್ದೆಗೆ ನೀರು ಬಿಡುವ ಕಿಂಡಿಗೆ ತೂಬು ಎನ್ನುತ್ತಾರೆ. ಸರದಿಯ ಪ್ರಕಾರ ತೂಬನ್ನು ತೆರೆದು ಮುಚ್ಚಿ ನೀರು ಹಂಚುವ ಊರಿನ ಕೆಲಸಗಾರನು ನೀರುಗಂಟಿ. ಈ ಖಂಡವನ್ನು ಆಧರಿಸಿ ‘ಗ್ರಾಮದಲ್ಲಿ ನೀರು ಮತ್ತು ಅಧಿಕಾರ’ ಎಂಬ ವಿಷಯದ ಮೇಲೆ ಒಂದು ಪರಿಚ್ಛೇದ ಬರೆಯಬೇಕೆಂಬುದು ಅಭ್ಯಾಸದ ನಿಬಂಧನೆ. ಬರುತ್ತಿದ್ದ ಉತ್ತರಗಳಲ್ಲಿ ಮೂರು ಮಾದರಿಗಳು ಸ್ಪಷ್ಟವಾಗಿ ಬೇರೆಯಾಗಿದ್ದವು.

ಮೊದಲ ಮಾದರಿಯವರು ಮೂರು ವಾಕ್ಯಗಳನ್ನೂ ಇಡಿಯಾಗಿ ಎತ್ತಿ, ಕೊನೆಯಲ್ಲಿ ‘ಎಂದು ಲೇಖಕರು ಹೇಳಿದ್ದಾರೆ, ಇದು ಅಕ್ಷರಶಃ ಸತ್ಯ’ ಎಂದು ಮುಗಿಸುತ್ತಿದ್ದರು. ಇಲ್ಲಿ ಉದ್ಧರಣೆ ಉದ್ದವಾಯಿತೆಂಬುದಕ್ಕಿಂತ, ಮೂರು ವಾಕ್ಯಗಳಲ್ಲಿ ಯಾವುದು ವಿಷಯಕ್ಕೆ ಮುಖ್ಯವೆಂಬ ತೀರ್ಮಾನವನ್ನೇ ವಿದ್ಯಾರ್ಥಿ ಮಾಡಿಲ್ಲವೆಂಬುದು ದೋಷ. ಎರಡನೆಯ ಮಾದರಿಯವರಿಗೆ ಉದ್ದದ ಉದ್ಧರಣೆ ತಪ್ಪೆಂಬುದು ತಿಳಿದಿರುತ್ತಿತ್ತು, ಆದ್ದರಿಂದ ಅವರು ಅದನ್ನು ಚೂರು ಮಾಡುತ್ತಿದ್ದರು: ‘ಕೆರೆ ತುಂಬಿದ ವರ್ಷ’ ಊರಿನಲ್ಲಿ ‘ಜಗಳ ಕಡಿಮೆ’, ಆದರೆ ‘ನೀರು ಇಳಿದ ವರ್ಷ’ ‘ತೂಬು’ ಮುಖ್ಯವಾಗುತ್ತದೆ ಎಂಬಂತೆ. ಇದೂ ಅತಿಬಳಕೆಯೇ. ಕೆರೆ, ಜಗಳ, ತೂಬು ಇವು ಯಾರ ಸ್ವತ್ತೂ ಅಲ್ಲದ ಪದಗಳು. ಅವುಗಳನ್ನು ಚಿಹ್ನೆಗಳೊಳಗೆ ಇಟ್ಟರೆ ಓದುವವರು ಅಲ್ಲೊಂದು ವಿಶೇಷಾರ್ಥವನ್ನು ಹುಡುಕಿ ನಿರಾಶರಾಗುತ್ತಾರೆ. ಯಾವ ಪದವನ್ನು ಬದಲಾಯಿಸಿದರೆ ಅರ್ಥ ಕೆಡುವುದಿಲ್ಲವೋ ಆ ಪದಕ್ಕೆ ಉದ್ಧರಣ ಚಿಹ್ನೆ ಬೇಡ ಎಂಬುದು ಇಂಥಲ್ಲಿ ಅಧ್ಯಾಪಕರು ಅಂಚಿನಲ್ಲಿ ಬರೆಯುತ್ತಿದ್ದ ಟಿಪ್ಪಣಿ.

ಮೂರನೆಯ ಮಾದರಿ ವಿರಳವಾಗಿ ಬರುತ್ತಿತ್ತು. ಅದರಲ್ಲಿ ಒಂದು ಪರಿಚ್ಛೇದವನ್ನು ಅವರು ಮುಂದಿನ ತರಗತಿಗಳಿಗೂ ಉದಾಹರಣೆಯಾಗಿ ಇಟ್ಟುಕೊಂಡಿದ್ದರು. ಅದರ ಬೆಳವಣಿಗೆ ಹೀಗಿದೆ: “ಬರಗಾಲವು ಊರಿನಲ್ಲಿ ಹೊಸ ಅಧಿಕಾರವನ್ನು ಸೃಷ್ಟಿಸುವುದಿಲ್ಲ, ಇದ್ದ ಅಧಿಕಾರವನ್ನು ಹೊರಗೆಡಹುತ್ತದೆ. ಕೆರೆ ತುಂಬಿರುವಾಗ ಹಂಚುವವರ ಕಡೆಗೆ ಯಾರ ಗಮನವೂ ಇರುವುದಿಲ್ಲ; ತೂಬು ‘ಯಾರ ಮಾತಿಗೆ ತೆರೆಯುತ್ತದೆ’ ಎಂಬ ಪ್ರಶ್ನೆ ಏಳುವುದು ನೀರು ಇಳಿದ ಮೇಲೆ. ಲೇಖಕರು ‘ಯಾರ ಕೈಗೆ’ ಎನ್ನದೆ ‘ಯಾರ ಮಾತಿಗೆ’ ಎಂದಿರುವುದನ್ನು ಗಮನಿಸಬೇಕು. ತೂಬು ಎತ್ತುವ ಕೈ ನೀರುಗಂಟಿಯದು, ಎತ್ತಿಸುವ ಮಾತು ಬೇರೆಯವರದು.” ಇಲ್ಲಿ ಎತ್ತಿಕೊಂಡಿರುವುದು ಮೂಲದ ಮೂರೇ ಪದಗಳನ್ನು, ಅವುಗಳಲ್ಲಿ ಎರಡನ್ನು ಮುಂದಿನ ವಾಕ್ಯದಲ್ಲಿ ಮತ್ತೆ ಕೈಗೆತ್ತಿಕೊಂಡು, ಆ ಜಾಗದಲ್ಲಿ ಬರಬಹುದಾಗಿದ್ದ ಇನ್ನೊಂದು ಪದದ ಪಕ್ಕದಲ್ಲಿಟ್ಟು ನೋಡಲಾಗಿದೆ. ಮೂಲದ ಖಂಡದಲ್ಲಿ ನೀರುಗಂಟಿಯ ಪ್ರಸ್ತಾಪವೇ ಇಲ್ಲ. ವಿದ್ಯಾರ್ಥಿ ತನ್ನ ತಿಳಿವಳಿಕೆಯಿಂದ ಅವನನ್ನು ತಂದು, ಕೆಲಸ ಮಾಡುವವನು ಮತ್ತು ಅಪ್ಪಣೆ ಕೊಡುವವನು ಬೇರೆಬೇರೆಯೆಂಬ ಅಂಶವನ್ನು ಒಂದು ಪದದ ಬಲದಿಂದ ಹೊರತೆಗೆದಿದ್ದಾನೆ. ಸ್ವಾರಸ್ಯವೆಂದು ಶಾಲೆಯಲ್ಲಿ ಕೇಳುವುದು ಇದನ್ನೇ. ಉದ್ಧರಣೆಯ ಮುಂದಿನ ವಾಕ್ಯವು ಉದ್ಧರಣೆಯ ಪದಗಳೊಡನೆ ಕೆಲಸಮಾಡಬೇಕು ಎಂಬುದರ ಅರ್ಥವೂ ಇದೇ.

ಈ ಉತ್ತಮ ಪರಿಚ್ಛೇದದಲ್ಲಿಯೂ ಅಧ್ಯಾಪಕರು ಒಂದು ಪದದ ಕೆಳಗೆ ಗೆರೆ ಎಳೆದಿದ್ದರು. ಮೂಲದಲ್ಲಿ ಊರಿಗೆ ‘ಗೊತ್ತಾಗುತ್ತದೆ’ ಎಂದಿದೆ. ವಿದ್ಯಾರ್ಥಿಯ ವಾಕ್ಯದಲ್ಲಿ ‘ಪ್ರಶ್ನೆ ಏಳುವುದು’ ಎಂದಾಗಿದೆ. ಪ್ರಶ್ನೆ ಎದ್ದಿತೆಂದರೆ ಉತ್ತರ ತಿಳಿದಿಲ್ಲವೆಂದಾಗುತ್ತದೆ, ಗೊತ್ತಾಯಿತೆಂದರೆ ಉತ್ತರ ತಿಳಿದುಬಿಟ್ಟಿದೆಯೆಂದಾಗುತ್ತದೆ. ‘ಎಂಬ ಸಂಗತಿ ಬಯಲಾಗುವುದು’ ಎಂದು ತಿದ್ದಿದರೆ ಮೂಲಕ್ಕೂ ನ್ಯಾಯವಾಗುತ್ತದೆ, ಅಧಿಕಾರವು ಹೊರಗೆ ಬೀಳುತ್ತದೆ ಎಂಬ ವಿದ್ಯಾರ್ಥಿಯ ವಾದಕ್ಕೂ ಹೆಚ್ಚು ಬಲ ಬರುತ್ತದೆ. ಚಿಹ್ನೆಗಳೊಳಗಿನ ಪದಗಳು ಸಂಪೂರ್ಣ ಸರಿಯಾಗಿದ್ದರೂ, ಅವುಗಳನ್ನು ಹೊತ್ತಿರುವ ಹೊರಗಿನ ಪದ ಅರ್ಥವನ್ನು ಬದಲಿಸಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಆದ್ದರಿಂದ ಹೆಣೆದ ಉದ್ಧರಣೆಯನ್ನು ಪರೀಕ್ಷಿಸುವಾಗ ಮೂಲವನ್ನು ಪಕ್ಕದಲ್ಲಿಟ್ಟು, ಚಿಹ್ನೆಯ ಒಳಗಿನದನ್ನಷ್ಟೇ ಅಲ್ಲದೆ ಅದಕ್ಕೆ ತಗುಲಿರುವ ನಾಮಪದವನ್ನೂ ಕ್ರಿಯಾಪದವನ್ನೂ ಹೋಲಿಸಬೇಕಾಗುತ್ತದೆ. ‘ಹೇಳುತ್ತಾರೆ’ ಎಂಬ ಕ್ರಿಯಾಪದ ತಟಸ್ಥವಾದದ್ದು. ‘ಒಪ್ಪಿಕೊಳ್ಳುತ್ತಾರೆ’, ‘ಆಕ್ಷೇಪಿಸುತ್ತಾರೆ’, ‘ಶಂಕಿಸುತ್ತಾರೆ’ ಎಂಬವು ಮೂಲ ಲೇಖಕರ ನಿಲುವಿನ ಬಗ್ಗೆ ವಿದ್ಯಾರ್ಥಿ ಕೊಡುವ ತೀರ್ಪುಗಳಾದ್ದರಿಂದ, ಅವು ಸರಿಯಾಗಿದ್ದರೆ ಹೆಚ್ಚಿನ ಮೆಚ್ಚುಗೆಗೂ ತಪ್ಪಾಗಿದ್ದರೆ ಹೆಚ್ಚಿನ ಆಕ್ಷೇಪಕ್ಕೂ ಅರ್ಹವಾಗುತ್ತವೆ.

ಎತ್ತಿದ ಮಾತನ್ನು ಸ್ವಂತ ವಾಕ್ಯಕ್ಕೆ ಹೆಣೆಯುವುದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಪೂರ್ಣ ವಾಕ್ಯವನ್ನು ಎತ್ತಿದಾಗ ಅದರ ಬಳಿಕ ‘ಎಂದು’ ಬಂದು, ಹೇಳುವ ಕ್ರಿಯಾಪದ ಅದನ್ನು ಹಿಂಬಾಲಿಸುತ್ತದೆ. ಉಪವಾಕ್ಯವನ್ನು ಎತ್ತಿದಾಗ ‘ಎಂಬ’ ಬಂದು, ನಿಲುವು, ಆತಂಕ, ಸಂಗತಿ ಮೊದಲಾದ ನಾಮಪದವೊಂದು ಅದನ್ನು ಹೊರುತ್ತದೆ. ಒಂದೆರಡು ಪದಗಳನ್ನಷ್ಟೇ ಎತ್ತಿದಾಗ ಚಿಹ್ನೆಯ ಹೊರಗೆ ವಿಭಕ್ತಿ ಪ್ರತ್ಯಯ ನೇರವಾಗಿ ಹತ್ತುತ್ತದೆ. ಮೂರನೆಯದು ಹೆಣಿಗೆಯಲ್ಲಿ ಅತ್ಯಂತ ಬಿಗಿಯಾದದ್ದು, ಆದರೆ ಎಲ್ಲ ಪದಗಳಿಗೂ ಒಗ್ಗುವುದಿಲ್ಲ. ‘ನೀರು ಇಳಿದ ವರ್ಷ’ದಲ್ಲಿ ಎಂದು ಬರೆಯಬಹುದು, ಏಕೆಂದರೆ ಅಕಾರದಿಂದ ಮುಗಿಯುವ ಪದ ಹಾಗೆಯೇ ಉಳಿದು ಮುಂದೆ ದಕಾರ ಸೇರುತ್ತದೆ; ‘ಕೆರೆ’ಯನ್ನು ಎಂಬಲ್ಲಿಯೂ ಯಕಾರಾಗಮವಾಗಿ ಮೂಲಪದಕ್ಕೆ ಧಕ್ಕೆಯಾಗುವುದಿಲ್ಲ. ಉಕಾರದಿಂದ ಮುಗಿಯುವ ‘ತೂಬು’ ಎಂಬುದಕ್ಕೆ ಪ್ರತ್ಯಯ ಹತ್ತಿದರೆ ಕೊನೆಯ ಸ್ವರ ಲೋಪವಾಗುವುದರಿಂದ, ಚಿಹ್ನೆಯನ್ನು ಎಲ್ಲಿಟ್ಟರೂ ಪದ ಮುರಿಯುತ್ತದೆ. ಅಂಥಲ್ಲಿ ‘ತೂಬು’ ಎಂಬ ಪದಕ್ಕೆ, ‘ತೂಬು’ ಎಂಬುದರಿಂದ ಎಂದು ನಡುವೆ ಒಂದು ಆಸರೆಯ ಪದವನ್ನು ತರುವುದೇ ಸರಿ. ವಿದ್ಯಾರ್ಥಿಗಳು ಇದನ್ನು ನಿಯಮವಾಗಿ ಹೇಳಲಾರದಿದ್ದರೂ, ಗಟ್ಟಿಯಾಗಿ ಓದಿಸಿದರೆ ಎಡವುವ ಜಾಗವನ್ನು ತಾವೇ ಗುರುತಿಸುತ್ತಿದ್ದರು. ಹಳಗನ್ನಡದ ಸಾಲುಗಳಿಗೆ ಈ ತೊಂದರೆ ಇನ್ನೂ ಹೆಚ್ಚು: ಅವುಗಳ ವಿಭಕ್ತಿರೂಪಗಳೂ ಕ್ರಿಯಾರೂಪಗಳೂ ಹೊಸಗನ್ನಡದ ವಾಕ್ಯದೊಳಗೆ ಬೆರೆಯದ ಕಾರಣ, ಪದ್ಯವನ್ನು ಪ್ರತ್ಯೇಕ ಸಾಲುಗಳಲ್ಲಿ ಇಟ್ಟು, ಚರ್ಚೆಗೆ ಬೇಕಾದ ಒಂದೆರಡು ಪದಗಳನ್ನು ಮಾತ್ರ ‘ಎಂಬ’ ಮೂಲಕ ಕೆಳಗಿನ ವಾಕ್ಯಕ್ಕೆ ತರುವುದು ಮೇಲು.

‘ಎಂದು’ ಎಂಬುದರ ಸಾಮರ್ಥ್ಯವೇ ಇನ್ನೊಂದು ದೋಷಕ್ಕೆ ದಾರಿಮಾಡುತ್ತದೆ. ಓಲೆಗರಿಯ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಇನ್ನೊಬ್ಬರ ಮಾತು ಮುಗಿಯಿತೆಂಬುದನ್ನು ತಿಳಿಸುವ ಕೆಲಸವನ್ನು ‘ಎಂದು’ ಎಂಬುದರ ವಿವಿಧ ರೂಪಗಳೇ ನಿರ್ವಹಿಸುತ್ತಿದ್ದವು. ಇಂದಿಗೂ ಅದು ಹೇಳಿದ ಮಾತನ್ನು ಯಥಾವತ್ತಾಗಿಯೂ ಸಂಗ್ರಹವಾಗಿಯೂ ಹೊರಬಲ್ಲದು. ಹೀಗಾಗಿ ವಿದ್ಯಾರ್ಥಿಗಳು ‘ಎಂದು’ ಇದ್ದ ಮೇಲೆ ಚಿಹ್ನೆ ಏಕೆಂದು ಅದನ್ನು ಬಿಟ್ಟುಬಿಡುತ್ತಾರೆ, ಅಥವಾ ತಮ್ಮದೇ ಸಂಗ್ರಹಕ್ಕೆ ಚಿಹ್ನೆ ಹಾಕುತ್ತಾರೆ. ಮಾತು ಎಲ್ಲಿ ಮುಗಿಯಿತೆಂಬುದು ‘ಎಂದು’ ಎಂಬುದರಿಂದ ತಿಳಿದರೂ, ಎಲ್ಲಿ ಆರಂಭವಾಯಿತು, ಪದಗಳು ಯಾರವು ಎಂಬ ಎರಡು ವಿಷಯಗಳು ಚಿಹ್ನೆಯಿಲ್ಲದೆ ತಿಳಿಯುವುದಿಲ್ಲ. ಪ್ರಬಂಧದಲ್ಲಿ ‘ತಾನು’, ‘ತಾವು’ ಎಂದು ಪುರುಷ ಬದಲಾಗಿದ್ದರೆ ಅದು ಸಂಗ್ರಹ, ‘ನಾನು’ ಎಂದೇ ಉಳಿದಿದ್ದರೆ ಯಥಾವತ್ತಾದ ಮಾತು ಇರಬಹುದು ಎಂಬ ಸುಳಿವಿನಿಂದ ಅಧ್ಯಾಪಕರು ಮೂಲವನ್ನು ತೆಗೆದು ನೋಡುತ್ತಿದ್ದರು.

ಮೊಟಕುಗೊಳಿಸುವಾಗ ಆಗುವ ಅರ್ಥಭಂಗವೂ ಕನ್ನಡದ ವಾಕ್ಯಕ್ರಮಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ಕ್ರಿಯೆ ಕೊನೆಗೆ ಬರುತ್ತದೆ. ಅದರೊಂದಿಗೆ ನಿಷೇಧ, ಸಂದೇಹ, ಹೇಳಿಕೆ ಯಾರದೆಂಬ ಸೂಚನೆ ಇವೆಲ್ಲವೂ ವಾಕ್ಯದ ತುದಿಯಲ್ಲಿಯೇ ಇರುತ್ತವೆ. ಕೆರೆಯ ಖಂಡದ ಮೊದಲ ವಾಕ್ಯವನ್ನು ‘ಕಡಿಮೆಯಾಗುತ್ತದೆ’ ಎಂಬಲ್ಲಿಗೆ ಕತ್ತರಿಸಿ, ಅದನ್ನು ಲೇಖಕರ ಅಭಿಪ್ರಾಯವೆಂದು ಬರೆದವರು ಅನೇಕರಿದ್ದರು. ಎತ್ತಿದ ಪದಗಳಲ್ಲಿ ಒಂದೂ ತಪ್ಪಿಲ್ಲ; ಆದರೆ ‘ಎಂದು ಹಿರಿಯರು ಹೇಳುತ್ತಾರೆ’ ಎಂಬ ತುದಿ ಬಿದ್ದುಹೋದದ್ದರಿಂದ, ಲೇಖಕರು ದಾಖಲಿಸಿದ ನಂಬಿಕೆಯೊಂದು ಅವರ ಪ್ರತಿಪಾದನೆಯಾಗಿ ಮಾರ್ಪಟ್ಟಿದೆ. ಮುಂದಿನ ಎರಡು ವಾಕ್ಯಗಳನ್ನು ಓದಿದರೆ ಲೇಖಕರು ಆ ನಂಬಿಕೆಯನ್ನು ಪೂರ್ತಿ ಒಪ್ಪಿಲ್ಲವೆಂದೂ, ಜಗಳ ಕಡಿಮೆಯಾಗುವುದಕ್ಕೆ ಸಾಮರಸ್ಯವಲ್ಲ, ಉಪೇಕ್ಷೆ ಕಾರಣವೆಂದು ಸೂಚಿಸಿದ್ದಾರೆಂದೂ ತಿಳಿಯುತ್ತದೆ. ಆದ್ದರಿಂದ ವಾಕ್ಯದ ಆರಂಭವನ್ನು ಬಿಟ್ಟ ಉದ್ಧರಣೆಗಿಂತ ಕೊನೆಯನ್ನು ಬಿಟ್ಟ ಉದ್ಧರಣೆಯನ್ನು ಹೆಚ್ಚು ಸಂಶಯದಿಂದ ನೋಡಬೇಕೆಂಬುದು ಅಧ್ಯಾಪಕರ ನಿಯಮವಾಗಿತ್ತು. ಬಿಟ್ಟ ಜಾಗದಲ್ಲಿ ಮೂರು ಚುಕ್ಕಿಗಳನ್ನು ಇಟ್ಟರೆ ಏನೋ ಬಿಟ್ಟಿದೆಯೆಂಬುದು ತಿಳಿಯುತ್ತದೆಯೇ ಹೊರತು, ಬಿಟ್ಟದ್ದು ಅರ್ಥವನ್ನು ತಿರುಗಿಸುವಂಥದೇ ಎಂಬುದು ತಿಳಿಯುವುದಿಲ್ಲ.

ಈ ನಿಷ್ಠುರತೆಯನ್ನು ಪರೀಕ್ಷಾ ಕೊಠಡಿಯಲ್ಲಿ ಬರೆದ ಪ್ರಬಂಧಕ್ಕೆ ಅವರು ಅನ್ವಯಿಸುತ್ತಿರಲಿಲ್ಲ. ಅಲ್ಲಿ ಪುಸ್ತಕ ಎದುರಿಗಿರುವುದಿಲ್ಲ. ನೆನಪಿನಿಂದ ಬರೆದ ಸಾಲಿನಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಅದಕ್ಕೆ ಅಂಕ ಕಳೆಯುವುದು ಪ್ರಬಂಧದ ಪರೀಕ್ಷೆಯನ್ನು ಬಾಯಿಪಾಠದ ಪರೀಕ್ಷೆಯಾಗಿಸುತ್ತದೆ. ಸಾಲು ಖಚಿತವಾಗಿ ನೆನಪಿಲ್ಲದಿದ್ದರೆ ಚಿಹ್ನೆಗಳನ್ನು ಬಿಟ್ಟು, ‘ಎಂಬ ಅರ್ಥದ ಮಾತನ್ನು ಹೇಳಿದ್ದಾರೆ’ ಎಂದು ಬರೆಯುವಂತೆ ಅವರು ತಿಳಿಸಿಕೊಡುತ್ತಿದ್ದರು. ಹಾಗೆ ಬರೆದವರಿಗೆ ಅಂಕ ಕಡಿಮೆಯಾಗುತ್ತಿರಲಿಲ್ಲ. ಆದರೆ ಮಾತು ಯಾರದೆಂಬುದರಲ್ಲಿ ಆದ ತಪ್ಪನ್ನು ಅವರು ಹಗುರವಾಗಿ ಕಾಣುತ್ತಿರಲಿಲ್ಲ. ವಚನಗಳ ವಿಷಯದಲ್ಲಿ ಇದನ್ನು ಹಾಳೆಯ ಮೇಲೆಯೇ ಕಂಡುಹಿಡಿಯಬಹುದು. ವಚನದ ಕೊನೆಯಲ್ಲಿ ಬರುವ ಅಂಕಿತ, ಅಂದರೆ ವಚನಕಾರರು ಬಳಸುವ ಇಷ್ಟದೈವದ ಹೆಸರು, ಕರ್ತೃವನ್ನು ಸೂಚಿಸುತ್ತದೆ: ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಗುಹೇಶ್ವರ ಅಂಕಿತವಿರುವ ವಚನವನ್ನು ಸ್ವತಃ ಬರೆದು, ಅದರ ಮುಂದಿನ ಸಾಲಿನಲ್ಲಿಯೇ ಬಸವಣ್ಣನವರ ನುಡಿ ಎಂದು ಹೇಳಿದ ವಿದ್ಯಾರ್ಥಿ ತಾನು ಎತ್ತಿದ ಮಾತನ್ನು ಓದಿಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಪ್ರಬಂಧ ಸ್ಪರ್ಧೆಗಳ ತೀರ್ಪುಗಾರರಾಗಿ ಕುಳಿತಾಗ ಅಧ್ಯಾಪಕರ ಕ್ರಮಕ್ಕೆ ವಿರೋಧ ಬರುತ್ತಿದ್ದದ್ದು ಇನ್ನೊಂದು ದಿಕ್ಕಿನಿಂದ. ಹತ್ತಾರು ಕವಿಗಳನ್ನು ಎತ್ತಿ ಬರೆದ ವಿದ್ಯಾರ್ಥಿ ಅಷ್ಟನ್ನಾದರೂ ಓದಿರಬೇಕು, ಓದುವವರೇ ಕಡಿಮೆಯಾಗುತ್ತಿರುವಾಗ ಅಂಥವರನ್ನು ಪ್ರೋತ್ಸಾಹಿಸಬಾರದೇ ಎಂದು ಜೊತೆಯ ತೀರ್ಪುಗಾರರು ಕೇಳುತ್ತಿದ್ದರು. ಈ ವಾದದಲ್ಲಿ ಹುರುಳಿಲ್ಲವೆಂದು ಅವರು ಹೇಳಲಿಲ್ಲ. ಓದಿನ ವಿಸ್ತಾರಕ್ಕೆ ಒಂದು ಅಂಕ, ವಿಷಯ ಪ್ರತಿಪಾದನೆಗೆ ಇನ್ನೊಂದು ಅಂಕ ಎಂದು ಬೇರ್ಪಡಿಸಿ ಕೊಡಬೇಕೆಂಬುದು ಅವರ ಸಲಹೆಯಾಗಿತ್ತು. ಹಾಗೆ ಬೇರ್ಪಡಿಸಿದ ಮೇಲೆ, ಸಾಲುಸಾಲು ಉದ್ಧರಣೆಗಳಿದ್ದ ಬರಹಗಳು ಮೊದಲನೆಯದರಲ್ಲಿ ಮುಂದೆ ನಿಂತು ಎರಡನೆಯದರಲ್ಲಿ ಹಿಂದೆ ಉಳಿಯುತ್ತಿದ್ದವು. ಒಂದೋ ಎರಡೋ ಸಾಲನ್ನು ಎತ್ತಿ, ಅದರ ಒಂದು ಪದವನ್ನು ಹಿಡಿದು ಪುಟ ತುಂಬ ವಾದ ಬೆಳೆಸಿದವು ಅದಕ್ಕೆ ವಿರುದ್ಧವಾಗಿ ನಿಲ್ಲುತ್ತಿದ್ದವು. ಒಟ್ಟು ಅಂಕಗಳು ಕೆಲವೊಮ್ಮೆ ಸಮನಾದಾಗ ಯಾವುದಕ್ಕೆ ಬಹುಮಾನವೆಂಬ ತೀರ್ಮಾನವನ್ನು ಸ್ಪರ್ಧೆಯ ಹೆಸರೇ ಹೇಳುತ್ತದೆ ಎಂದು ಅವರು ವಾದಿಸುತ್ತಿದ್ದರು. ಕಂಠಪಾಠಕ್ಕೂ ರಸಪ್ರಶ್ನೆಗೂ ಬೇರೆ ಸ್ಪರ್ಧೆಗಳಿರುವಾಗ, ಪ್ರಬಂಧಕ್ಕೆಂದು ಕರೆದ ಸ್ಪರ್ಧೆಯಲ್ಲಿ ಎರಡನೆಯ ಅಂಕವೇ ಮೇಲಾಗಬೇಕು. ಆ ವಾದ ಎಲ್ಲ ಸಲವೂ ಗೆಲ್ಲಲಿಲ್ಲ. ಆದರೆ ಗೆಲ್ಲದಿದ್ದಾಗಲೂ, ಬಹುಮಾನ ಸಿಕ್ಕಿದ್ದು ಓದಿಗೆ, ಬರವಣಿಗೆಗಲ್ಲ ಎಂಬುದು ಅಂಕಪಟ್ಟಿಯಿಂದಲೇ ವಿದ್ಯಾರ್ಥಿಗೆ ತಿಳಿಯುವಂತಾಯಿತು.